ಅಂಗಳದಲ್ಲಿ ಸಿಕ್ಕ ಕಳ್ಳ: ಹಿಡಿಯುವ ಹಕ್ಕು ಎಲ್ಲಿಯವರೆಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮನೆ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ರಾತ್ರಿ ಒಂದೂವರೆಗೆ ಒಬ್ಬ ಚೀಲಕ್ಕೆ ತುಂಬುತ್ತಿದ್ದ. ನಾನೂ ತಮ್ಮನೂ ಹಿಡಿದೆವು. ಚೀಲದಲ್ಲಿ ಸುಮಾರು 25 ಕಿಲೋ ಇತ್ತು. ಗಲಾಟೆ ಕೇಳಿ ಊರವರು ಸೇರಿದರು, ಕಂಬಕ್ಕೆ ಕಟ್ಟಿ ನಾಲ್ಕೇಟು ಹಾಕಿದರು. ಬೆಳಿಗ್ಗೆ ಎಂಟೂವರೆಗೆ ಸ್ಟೇಷನ್ನಿಗೆ ಒಪ್ಪಿಸಿದೆವು. ಈಗ ಅವನ ಕಡೆಯವರು ನಮ್ಮ ಮೇಲೇ ಕಂಪ್ಲೇಂಟ್ ಕೊಟ್ಟಿದ್ದಾರೆ. ಕಳ್ಳನನ್ನು ಹಿಡಿಯೋ ಹಕ್ಕು ನಮಗಿಲ್ವಾ? ಹಿಡಿದ ಮೇಲೆ ಏನು ಮಾಡಬೇಕಿತ್ತು?

ಉತ್ತರ: ಹಿಡಿಯುವ ಹಕ್ಕು ನಿಮಗಿತ್ತು. ಕಟ್ಟಿ ಹೊಡೆಯುವ ಹಕ್ಕು ಅಲ್ಲಿದ್ದ ಯಾರಿಗೂ ಇರಲಿಲ್ಲ. ಒಪ್ಪಿಸಿದ ಹೊತ್ತೂ ಕಾನೂನಿನ ಗಡುವನ್ನು ಒಂದು ಗಂಟೆ ಮೀರಿದೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಸ್ಟೇಷನ್ನಿನಲ್ಲಿ, ಮುಂದೆ ಕೋರ್ಟಿನಲ್ಲಿ ನಿಮ್ಮನ್ನು ಪ್ರಶ್ನಿಸುವವರೂ ಹಾಗೇ ಬಿಡಿಸಿ ಕೇಳುತ್ತಾರೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 40ನೇ ಸೆಕ್ಷನ್ ಸಾಮಾನ್ಯ ಜನರು ಮಾಡುವ ಬಂಧನದ ಬಗ್ಗೆ ಹೇಳುತ್ತದೆ. ಹಳೆಯ ಕಾನೂನಿನಲ್ಲಿ ಇದು 43ನೇ ಸೆಕ್ಷನ್ ಆಗಿತ್ತು. ಈಗಿನ ನಿಯಮ ಇಷ್ಟು: ನಿಮ್ಮ ಎದುರಿಗೇ ಒಬ್ಬ ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧ ಮಾಡಿದರೆ ಅವನನ್ನು ನೀವೇ ಬಂಧಿಸಬಹುದು, ಇಲ್ಲವೇ ಬೇರೆಯವರಿಂದ ಹಿಡಿಸಬಹುದು. ಕೋರ್ಟು ಘೋಷಿತ ಅಪರಾಧಿ ಅಂತ ಪ್ರಕಟಿಸಿದವನನ್ನೂ ಹಿಡಿಯಬಹುದು. ನಿಮ್ಮ ವಿಷಯಕ್ಕೆ ಅದು ಬೇಡ. ಹಿಡಿದ ಮೇಲೆ ಅನಗತ್ಯ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಪೊಲೀಸರು ಸಿಗದಿದ್ದರೆ ಹತ್ತಿರದ ಠಾಣೆಗೆ ನೀವೇ ಕರೆದುಕೊಂಡು ಹೋಗಬೇಕು.

ಇದರಲ್ಲಿ 'ಎದುರಿಗೇ' ಅನ್ನುವುದನ್ನು ಮೊದಲು ನೋಡೋಣ. ನೀವೂ ತಮ್ಮನೂ ಅವನು ಚೀಲ ತುಂಬುವುದನ್ನು ಕಣ್ಣಾರೆ ಕಂಡಿದ್ದೀರಿ. ಇಷ್ಟಿದ್ದರೆ ಸಾಕು. ಆದರೆ ಬೆಳಿಗ್ಗೆ ಎದ್ದು ಸಿಸಿ ಕ್ಯಾಮೆರಾ ನೋಡಿ, 'ಇವನೇ' ಅಂತ ಗುರುತಿಸಿ, ಪೇಟೆಯಲ್ಲಿ ಅವನನ್ನು ಹಿಡಿದು ತಂದಿದ್ದರೆ ಈ ಸೆಕ್ಷನ್ ನಿಮ್ಮ ಕೈ ಹಿಡಿಯುತ್ತಿರಲಿಲ್ಲ. ಆಗ ವಿಡಿಯೊ ಸಮೇತ ಪೊಲೀಸರ ಹತ್ತಿರ ಹೋಗಬೇಕು. ಅನುಮಾನದ ಮೇಲೆ, 'ಹೋದ ವರ್ಷವೂ ಇವನೇ ಕದ್ದಿದ್ದು' ಅನ್ನುವ ಮಾತಿನ ಮೇಲೆ ಯಾರನ್ನೂ ಹಿಡಿದಿಡುವಂತಿಲ್ಲ. ನಿಮ್ಮ ಕಣ್ಣೆದುರೇ ಕದ್ದು ಓಡಿದವನನ್ನು ಆ ಕ್ಷಣದಲ್ಲೇ ಬೆನ್ನಟ್ಟಿ ಹಿಡಿಯುವುದು ಬೇರೆ. ಅದು ಅದೇ ಘಟನೆಯ ಮುಂದುವರಿಕೆ. ಆದರೆ ಅವನು ಓಡಿಹೋಗಿ ಇನ್ನೊಬ್ಬರ ಮನೆ ಸೇರಿಕೊಂಡರೆ ಬಾಗಿಲು ಒಡೆದು ಒಳಗೆ ಹೋಗಬೇಡಿ. ಬಂಧಿಸಲು ಮನೆಗೆ ನುಗ್ಗುವ ಅಧಿಕಾರ ಪೊಲೀಸರಿಗೆ ಮತ್ತು ವಾರಂಟ್ ಹಿಡಿದು ಬಂದವರಿಗೆ ಮಾತ್ರ ಇದೆ. ಹೊರಗೆ ನಿಂತು 112ಕ್ಕೆ ಫೋನ್ ಮಾಡುವುದೇ ಸರಿ.

ಇನ್ನು ಅಪರಾಧ ಯಾವುದು ಅನ್ನುವುದು. ಜನ ಜಾಸ್ತಿ ಎಡವುವುದು ಇಲ್ಲೇ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು ಸಂಜ್ಞೇಯ ಅಪರಾಧ. ಜಾಮೀನನ್ನು ಹಕ್ಕಾಗಿ ಕೇಳಲಾಗದೆ, ಕೋರ್ಟಿನ ವಿವೇಚನೆಗೆ ಬಿಡಬೇಕಾದದ್ದು ಜಾಮೀನುರಹಿತ ಅಪರಾಧ. ಸಾಮಾನ್ಯರ ಬಂಧನಕ್ಕೆ ಎರಡೂ ಇರಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಆಗದು. ರಸ್ತೆಯಲ್ಲಿ ಅಪಘಾತ ಮಾಡಿದ ಡ್ರೈವರನ್ನು ಜನ ಸುತ್ತುವರಿದು ಕೂಡಿಹಾಕುತ್ತಾರಲ್ಲ, ಅಜಾಗರೂಕ ಚಾಲನೆ ಸಂಜ್ಞೇಯ ಹೌದು, ಆದರೆ ಜಾಮೀನು ಸಿಗುವಂಥದ್ದು. ನಿರ್ಲಕ್ಷ್ಯದಿಂದ ಸಾವಾದರೂ ಸಾಮಾನ್ಯವಾಗಿ ಹಾಗೇ. ಹಾಗೆಯೇ ಒಬ್ಬ ನಿಮ್ಮ ತೋಟಕ್ಕೆ ಬೇಲಿ ಹಾರಿ ಬಂದ, ಏನನ್ನೂ ಮುಟ್ಟಲಿಲ್ಲ ಅಂದುಕೊಳ್ಳಿ. ಅದು ಅತಿಕ್ರಮ ಪ್ರವೇಶ. ಸಂಜ್ಞೇಯ, ಆದರೆ ಜಾಮೀನು ಸಿಗುತ್ತದೆ. ಅವನನ್ನು ಹೊರಗೆ ಕಳಿಸಬಹುದು, ದೂರು ಕೊಡಬಹುದು. ಬಂಧಿಸುವಂತಿಲ್ಲ.

ಕಳ್ಳತನಕ್ಕೆ ಬರೋಣ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಸೆಕ್ಷನ್ ಪ್ರಕಾರ ಮಾಮೂಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಅದು ಸಂಜ್ಞೇಯ, ಜಾಮೀನುರಹಿತ. ಆದರೆ ಹೊಸ ಕಾನೂನು ಇದಕ್ಕೆ ಒಂದು ವಿನಾಯಿತಿ ಸೇರಿಸಿದೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಅವನಿಗೆ ಅದು ಮೊದಲ ಶಿಕ್ಷೆಯಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆಯ ಶಿಕ್ಷೆ ಮಾತ್ರ. ಇದಕ್ಕೆ ಸರಿಯಾಗಿ ಸುರಕ್ಷಾ ಸಂಹಿತೆಯ ಮೊದಲ ಪರಿಶಿಷ್ಟದಲ್ಲಿ ಐದು ಸಾವಿರದೊಳಗಿನ ಈ ಕಳ್ಳತನವನ್ನು ಅಸಂಜ್ಞೇಯ, ಜಾಮೀನೀಯ ಅಂತ ಹಾಕಿದ್ದಾರೆ. ಅಂದರೆ ಎರಡು ಷರತ್ತೂ ಬಿದ್ದುಹೋದವು. ಅಂಥ ಕಳ್ಳತನಕ್ಕೆ ಸಾಮಾನ್ಯರು ಬಂಧನ ಮಾಡುವ ಅಧಿಕಾರವೇ ಇಲ್ಲ. ಹಳೆಯ ಕಾನೂನಿನಲ್ಲಿ ಒಂದು ತೆಂಗಿನಕಾಯಿ ಕದ್ದವನನ್ನೂ ಹಿಡಿದು ಒಪ್ಪಿಸಬಹುದಿತ್ತು. ಈಗ ಹಾಗಿಲ್ಲ. ಈ ಬದಲಾವಣೆ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ.

ನಿಮ್ಮ ಲೆಕ್ಕ ನೋಡೋಣ. ಒಣ ಅಡಿಕೆಗೆ ಕಿಲೋಗೆ 450 ರೂಪಾಯಿ ಅಂತ ಹಿಡಿದರೂ 25 ಕಿಲೋಗೆ 11,250 ಆಯಿತು. ಐದು ಸಾವಿರದ ಗಡಿ ಸುಮಾರು 11 ಕಿಲೋಗೇ ದಾಟುತ್ತದೆ. ಹಾಗಾಗಿ ಅವನು ಮಾಡಿದ್ದು ಸಂಜ್ಞೇಯ ಮತ್ತು ಜಾಮೀನುರಹಿತ ಅಪರಾಧವೇ. ಹಿಡಿದದ್ದು ಸರಿ. ಆ ಚೀಲವನ್ನು ಪೊಲೀಸರ ಎದುರು ತೂಕ ಮಾಡಿಸಿದ್ದೀರಾ, ಮಹಜರಿನಲ್ಲಿ ತೂಕ ಬರೆದಿದೆಯಾ, ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಎದುರು ಪಾರ್ಟಿ 'ಐದಾರು ಕಿಲೋ ಇತ್ತು ಅಷ್ಟೆ' ಅಂತ ವಾದಿಸುತ್ತಾರೆ. ಬಂಧನವೇ ಅಕ್ರಮ ಅಂತ ಹೇಳಲು ಅವರಿಗೆ ಅದೇ ದಾರಿ. ಆ ದಿನಗಳ ಮಾರುಕಟ್ಟೆ ದರದ ಚೀಟಿ, ನೀವು ಮಂಡಿಗೆ ಹಾಕಿದ ಬಿಲ್ಲು ಇದ್ದರೆ ತೆಗೆದಿಡಿ.

ಎಲ್ಲಿಂದ ಕದ್ದ ಅನ್ನುವುದೂ ಮುಖ್ಯ. ಅಡಿಕೆ ಅಂಗಳದಲ್ಲಿ ಇತ್ತು ಅಂದಿದ್ದೀರಿ. ಅಂಗಳ ಕಟ್ಟಡ ಅಲ್ಲ, ಹಾಗಾಗಿ 303. ಅದೇ ಚೀಲ ಮನೆಯ ಅಟ್ಟದಲ್ಲೋ ಗೋಡೌನಿನಲ್ಲೋ ಇದ್ದು ಅಲ್ಲಿಂದ ತೆಗೆದಿದ್ದರೆ 305ನೇ ಸೆಕ್ಷನ್ ಬರುತ್ತದೆ: ವಾಸದ ಮನೆಯಿಂದ ಅಥವಾ ಮಾಲು ಇಡುವ ಕಟ್ಟಡದಿಂದ ಕಳ್ಳತನ. ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ. ಐದು ಸಾವಿರದ ವಿನಾಯಿತಿ ಇರುವುದು 303ಕ್ಕೆ, 305ಕ್ಕೆ ಅಲ್ಲ. ರಾತ್ರಿ ಮನೆ ಬೀಗ ಒಡೆದು ನುಗ್ಗಿದರೆ ಅದೇ ಒಂದು ಪ್ರತ್ಯೇಕ ಜಾಮೀನುರಹಿತ ಅಪರಾಧ. ತೋಟದಲ್ಲಿ ಮರದಿಂದ ಕೊನೆ ಇಳಿಸಿಕೊಂಡು ಹೋದವನದು ಮಾತ್ರ ಮತ್ತೆ 303. ಹಸಿ ಅಡಿಕೆಯ ಎರಡು ಕೊನೆಗೆ ಐದು ಸಾವಿರ ಆಗುವುದಿಲ್ಲ ಅಲ್ವಾ? ಅಲ್ಲಿ ಹುಷಾರಾಗಿರಬೇಕು.

ಹಾಗಾದರೆ ಕಡಿಮೆ ಬೆಲೆಯ ಮಾಲು ಕದಿಯುವವನನ್ನು ಸುಮ್ನೆ ನೋಡುತ್ತಾ ನಿಲ್ಲಬೇಕಾ? ಬೇಡ. ಆಸ್ತಿ ರಕ್ಷಣೆಯ ಹಕ್ಕು ಬೇರೆಯೇ ಇದೆ. ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಅದನ್ನು ಹೇಳುತ್ತವೆ. ಕದಿಯುವವನನ್ನು ತಡೆಯಬಹುದು, ಚೀಲ ಕಿತ್ತುಕೊಳ್ಳಬಹುದು, ಅದಕ್ಕೆ ಬೇಕಾದಷ್ಟು ಬಲ ಬಳಸಬಹುದು. ಆದರೆ ಈ ಹಕ್ಕಿಗೆ ಕೊನೆ ಇದೆ. ಮಾಲು ವಾಪಸ್ ಸಿಕ್ಕಿತೋ, ಅವನು ಮಾಲಿನೊಂದಿಗೆ ತಪ್ಪಿಸಿಕೊಂಡು ಹೋದನೋ, ಪೊಲೀಸರ ನೆರವು ಬಂತೋ, ಅಲ್ಲಿಗೆ ಮುಗಿಯಿತು. ಮಾಲು ಕೈಗೆ ಬಂದ ಮೇಲೆ ಹೊಡೆದ ಏಟು ರಕ್ಷಣೆಯ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಪ್ರಸಂಗದಲ್ಲಿ ಮಾಲು ಬಿಡಿಸಿಕೊಂಡು, ಗುರುತು ನೋಡಿಟ್ಟುಕೊಂಡು, ಬಂದ ಗಾಡಿಯ ನಂಬರ್ ಬರೆದುಕೊಂಡು, 112ಕ್ಕೆ ಹೇಳಿ. ಮನುಷ್ಯನನ್ನು ಕೂಡಿಹಾಕಬೇಡಿ.

ಕತ್ತಲಲ್ಲಿ ಬೆಲೆ ಎಷ್ಟು ಅಂತ ಹೇಗೆ ಗೊತ್ತಾಗಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ನ್ಯಾಯ ಸಂಹಿತೆಯ 17ನೇ ಸೆಕ್ಷನ್ ಸ್ವಲ್ಪ ಆಸರೆ ಕೊಡುತ್ತದೆ. ಸಂಗತಿಯನ್ನು ತಪ್ಪಾಗಿ ತಿಳಿದು, ಒಳ್ಳೆಯ ನಂಬಿಕೆಯಿಂದ, ಕಾನೂನು ತನಗೆ ಅಧಿಕಾರ ಕೊಟ್ಟಿದೆ ಅಂದುಕೊಂಡು ಮಾಡಿದ ಕೆಲಸ ಅಪರಾಧವಲ್ಲ ಅನ್ನುತ್ತದೆ ಅದು. ಆ ಸೆಕ್ಷನ್ನಿಗೆ ಕಾನೂನೇ ಕೊಟ್ಟ ಉದಾಹರಣೆ ನಮ್ಮ ವಿಷಯದ್ದೇ: ಒಬ್ಬ ಇನ್ನೊಬ್ಬನನ್ನು ಕೊಲ್ಲುತ್ತಿದ್ದಾನೆ ಅಂತ ಕಂಡು ಮೂರನೆಯವನು ಅವನನ್ನು ಹಿಡಿದು ಅಧಿಕಾರಿಗಳಿಗೆ ಒಪ್ಪಿಸಲು ಹೊರಡುತ್ತಾನೆ. ಆಮೇಲೆ ನೋಡಿದರೆ ಅವನು ತನ್ನ ಪ್ರಾಣ ಉಳಿಸಿಕೊಳ್ಳಲು ಹಾಗೆ ಮಾಡಿದ್ದ. ಆದರೂ ಹಿಡಿದವನದು ತಪ್ಪಲ್ಲ. ಚೀಲದ ತೂಕವನ್ನು ಪ್ರಾಮಾಣಿಕವಾಗಿ ಜಾಸ್ತಿ ಅಂದಾಜು ಮಾಡಿದ್ದರೆ ಈ ವಾದ ಮುಂದಿಡಬಹುದು. 'ನನಗೆ ಐದು ಸಾವಿರದ ಕಾನೂನೇ ಗೊತ್ತಿರಲಿಲ್ಲ' ಅಂದರೆ ನಡೆಯುವುದಿಲ್ಲ. ತಪ್ಪು ತಿಳಿದದ್ದು ಸಂಗತಿಯನ್ನಾಗಿರಬೇಕು, ಕಾನೂನನ್ನಲ್ಲ. ಇನ್ನೊಂದು ಮಾತು: ಹಿಡಿದು ಒಪ್ಪಿಸಲು ಹೊರಟವನಿಗೆ ಈ ಆಸರೆ. ಹಿಡಿದು ಹೊಡೆಯಲು ನಿಂತವನಿಗಲ್ಲ.

ಈಗ ಹಿಡಿದ ಮೇಲಿನ ಹೊತ್ತು. ಆ ರಾತ್ರಿ ಹೇಗೆ ನಡೆಯಬೇಕಿತ್ತು ಅಂತ ಗಂಟೆ ಗಂಟೆಯಾಗಿ ಹೇಳುತ್ತೇನೆ.

ಒಂದೂವರೆಗೆ ಕೈಗೆ ಸಿಕ್ಕ. ಆ ಕ್ಷಣದಿಂದಲೇ ಆರು ಗಂಟೆಯ ಲೆಕ್ಕ ಶುರು. ಬೆಳಗಾದ ಮೇಲೆ ಅಂತಲ್ಲ, ಊರವರು ಸೇರಿದ ಮೇಲೆ ಅಂತಲೂ ಅಲ್ಲ. ಮೊದಲ ಕೆಲಸ 112ಕ್ಕೆ ಫೋನ್. ನಿಮ್ಮ ಹೆಸರು, ಊರು, ಕಳ್ಳ ಸಿಕ್ಕಿದ್ದಾನೆ, ಅವನಿಗೆ ಪೆಟ್ಟಾಗಿದೆಯೋ ಇಲ್ಲವೋ, ಇಷ್ಟು ಹೇಳಿದರೆ ಸಾಕು. ನೀವು ಯಾವಾಗ ಹಿಡಿದಿರಿ, ಎಷ್ಟು ಬೇಗ ಪೊಲೀಸರನ್ನು ಕರೆದಿರಿ ಅನ್ನುವುದಕ್ಕೆ ಆ ಕರೆಯೇ ದಾಖಲೆ. ನಿಮ್ಮ ಮೊಬೈಲಿನಲ್ಲೂ ಉಳಿಯುತ್ತದೆ, ಅವರ ಕಡೆಯೂ ಉಳಿಯುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಒಬ್ಬರನ್ನು ಸಿಗ್ನಲ್ ಸಿಗುವ ಜಾಗಕ್ಕೆ ಓಡಿಸಿ.

ಎರಡನೆಯದು, ಅವನಿಗೆ ಯಾಕೆ ಹಿಡಿದಿದ್ದೀರಿ ಅಂತ ಹೇಳುವುದು. ಇದು ಪೊಲೀಸರ ಕೆಲಸ ಅಂತ ಹೆಚ್ಚಿನವರು ತಿಳಿದಿದ್ದಾರೆ. ಸುರಕ್ಷಾ ಸಂಹಿತೆಯ 47ನೇ ಸೆಕ್ಷನ್ 'ಪೊಲೀಸ್ ಅಧಿಕಾರಿ ಅಥವಾ ಬೇರೆ ವ್ಯಕ್ತಿ' ಅಂತಲೇ ಹೇಳುತ್ತದೆ. ವಾರಂಟ್ ಇಲ್ಲದೆ ಬಂಧಿಸುವ ಯಾರೇ ಆಗಲಿ, ಕಾರಣವನ್ನು ಆಗಲೇ ತಿಳಿಸಬೇಕು. 'ನೀನು ನಮ್ಮ ಅಡಿಕೆ ಕದಿಯುತ್ತಿದ್ದದ್ದನ್ನು ನೋಡಿದ್ದೇವೆ. ಅದಕ್ಕೇ ಹಿಡಿದಿದ್ದೇವೆ. ಪೊಲೀಸರಿಗೆ ಒಪ್ಪಿಸುತ್ತೇವೆ.' ಇಷ್ಟು ಸಾಕು. 48ನೇ ಸೆಕ್ಷನ್ ಪ್ರಕಾರ ಅವನು ಹೇಳಿದ ಸಂಬಂಧಿಕರಿಗೋ ಸ್ನೇಹಿತರಿಗೋ ಅವನನ್ನು ಎಲ್ಲಿ ಇಟ್ಟಿದ್ದೀರಿ ಅಂತ ತಿಳಿಸಬೇಕು. ಅಪರಾತ್ರಿಯಲ್ಲಿ ಕಳ್ಳನ ಮನೆಗೆ ಫೋನ್ ಮಾಡುವುದು ವಿಚಿತ್ರ ಅನಿಸಬಹುದು. ಆದರೆ 'ನಮ್ಮ ಹುಡುಗ ಕಾಣೆಯಾಗಿದ್ದ, ಕೂಡಿಹಾಕಿ ಬಚ್ಚಿಟ್ಟಿದ್ದರು' ಅನ್ನುವ ಆರೋಪಕ್ಕೆ ಆ ಒಂದು ಫೋನೇ ಉತ್ತರ. ಮಾತಾಡುವಾಗ ಪಕ್ಕದಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಿಕೊಳ್ಳಿ.

ಅವನನ್ನು ಎಲ್ಲಿ, ಹೇಗೆ ಇಡಬೇಕು? 46ನೇ ಸೆಕ್ಷನ್ ಪ್ರಕಾರ ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟೇ ನಿರ್ಬಂಧ, ಅದಕ್ಕಿಂತ ಹೆಚ್ಚಿಲ್ಲ. ನೀವಿಬ್ಬರೇ ಇದ್ದು, ಅವನು ಕೊಸರಾಡಿ ಕತ್ತಿ ಬೀಸಲು ನೋಡಿದ್ದರೆ ಕೈ ಹಿಂದಕ್ಕೆ ಕಟ್ಟಿದ್ದನ್ನು ಸಮರ್ಥಿಸಿಕೊಳ್ಳಬಹುದಿತ್ತು. ಆದರೆ ಹತ್ತಾರು ಜನ ಸುತ್ತ ನಿಂತಿರುವಾಗ ಒಬ್ಬನನ್ನು ಕಂಬಕ್ಕೆ ಬಿಗಿದು ಗಂಟೆಗಟ್ಟಲೆ ಇಡುವ ಅಗತ್ಯ ಏನಿತ್ತು? ಕೋರ್ಟು ಕೇಳುವುದು ಇದನ್ನೇ. ಜಗಲಿಯಲ್ಲಿ, ಲೈಟಿನ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಕೂರಿಸಿ, ಎರಡು ಕಡೆ ಇಬ್ಬರು ಕೂತಿದ್ದರೆ ಸಾಕಾಗುತ್ತಿತ್ತು. ಕುಡಿಯಲು ನೀರು ಕೊಡಿ. ರಕ್ತ ಬರುತ್ತಿದ್ದರೆ ಠಾಣೆಗಿಂತ ಮೊದಲು ಆಸ್ಪತ್ರೆ.

ಅವನ ಕೈಯಲ್ಲಿ ಕತ್ತಿ, ಚಾಕು ಇದ್ದರೆ ಕಿತ್ತಿಡಬಹುದು. 50ನೇ ಸೆಕ್ಷನ್ ಹಾಗೆ ಮಾಡುವ ಅಧಿಕಾರ ಕೊಡುತ್ತದೆ. ಕಿತ್ತಿಟ್ಟದ್ದನ್ನು ಪೊಲೀಸರಿಗೆ ಒಪ್ಪಿಸಬೇಕು. ಆದರೆ ಜೇಬು ತಡಕುವುದು, ಪರ್ಸ್ ತೆಗೆಯುವುದು, ಮೊಬೈಲ್ ಕಿತ್ತುಕೊಂಡು ನೋಡುವುದು ನಿಮ್ಮ ಕೆಲಸ ಅಲ್ಲ. ಮೈ ಶೋಧನೆಯ ಅಧಿಕಾರ, ಬಂಧಿತನನ್ನು ಒಪ್ಪಿಸಿಕೊಂಡ ಪೊಲೀಸ್ ಅಧಿಕಾರಿಗೆ ಮಾತ್ರ. ಆಮೇಲೆ 'ಪರ್ಸಿನಲ್ಲಿ ಎಂಟು ಸಾವಿರ ಇತ್ತು, ಅವರೇ ತಗೊಂಡ್ರು' ಅಂತ ಹೇಳಿಕೆ ಬಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಅಡಿಕೆ ಚೀಲವನ್ನೂ ಇದ್ದಲ್ಲೇ ಬಿಡಿ. ಮಹಜರು ಮಾಡುವವರು ಬಂದು ಅಲ್ಲಿಂದಲೇ ಎತ್ತಲಿ. ಚೀಲದ್ದು, ಬಿದ್ದ ಅಡಿಕೆಯದ್ದು, ಅವನು ಬಂದ ದಾರಿಯದ್ದು ಎರಡು ಮೂರು ಫೋಟೊ ತೆಗೆಯಿರಿ.

ವಿಡಿಯೊ ವಿಷಯಕ್ಕೆ ಬಂದಾಗ ಕಟುವಾಗಿಯೇ ಹೇಳುತ್ತೇನೆ. 'ಹೇಳು, ಇದಕ್ಕೆ ಮೊದಲು ಎಲ್ಲೆಲ್ಲಿ ಕದ್ದೆ' ಅಂತ ಏಟು ಹಾಕುತ್ತಾ ತಪ್ಪೊಪ್ಪಿಗೆ ರೆಕಾರ್ಡ್ ಮಾಡುವ ಚಾಳಿ ಎಲ್ಲ ಕಡೆ ಬೆಳೆದಿದೆ. ಬೆದರಿಸಿ ಹೇಳಿಸಿದ ತಪ್ಪೊಪ್ಪಿಗೆಯನ್ನು ಕೋರ್ಟು ಅವನ ವಿರುದ್ಧ ಪುರಾವೆಯಾಗಿ ತೆಗೆದುಕೊಳ್ಳುವುದಿಲ್ಲ. ಅವನ ಮೇಲೆ ಉಪಯೋಗಕ್ಕೆ ಬಾರದ ಆ ವಿಡಿಯೊ ನಿಮ್ಮ ಮೇಲೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ತಪ್ಪೊಪ್ಪಿಸಲು ನೋವು ಮಾಡುವುದು ನ್ಯಾಯ ಸಂಹಿತೆಯ 120ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯ ಅಪರಾಧ. ಅದು ಪೊಲೀಸರಿಗೆ ಮಾತ್ರ ಅನ್ವಯಿಸುವ ಸೆಕ್ಷನ್ ಅಲ್ಲ, ಯಾರೇ ಮಾಡಿದರೂ ಬರುತ್ತದೆ. ನೀವು ಹಿಡಿದದ್ದು 303ರ ಕಳ್ಳನನ್ನು, ಮೊದಲ ಸಲವಾದರೆ ಅವನಿಗೆ ಗರಿಷ್ಠ ಮೂರು ವರ್ಷ. ನಿಮ್ಮ ಜಗಲಿಯಲ್ಲಿ ಹೀಗೆ ನಡೆದಿದ್ದರೆ ಅದಕ್ಕೆ ಏಳು. ಇನ್ನು ಸಿಕ್ಕವನು 18 ತುಂಬದ ಹುಡುಗನಾಗಿದ್ದರೆ ಅವನ ಮುಖ, ಹೆಸರು ತೋರಿಸುವುದೇ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ವಾಟ್ಸಾಪ್ ಗ್ರೂಪಿಗೆ ಹಾಕಿದರೂ ಅಷ್ಟೆ. ಹುಡುಗನಂತೆ ಕಂಡರೆ 112ಕ್ಕೆ ಅದನ್ನೂ ಹೇಳಿ. ಅವನನ್ನು ನಡೆಸಿಕೊಳ್ಳುವ ಕ್ರಮವೇ ಬೇರೆ.

ಈಗ ಒಪ್ಪಿಸುವ ಹೊತ್ತು. ಒಂದೂವರೆಗೆ ಆರು ಗಂಟೆ ಸೇರಿಸಿದರೆ ಏಳೂವರೆ. ನೀವು ಎಂಟೂವರೆಗೆ ಹೋದಿರಿ. ಹಳೆಯ ಕಾನೂನಿನಲ್ಲಿ 'ಅನಗತ್ಯ ವಿಳಂಬವಿಲ್ಲದೆ' ಅಂತ ಮಾತ್ರ ಇತ್ತು, ಗಂಟೆಯ ಲೆಕ್ಕ ಇರಲಿಲ್ಲ. ಹೊಸದರಲ್ಲಿ ಎರಡೂ ಇವೆ. ಆರು ಗಂಟೆ ಅನ್ನುವುದು ಅಷ್ಟು ಹೊತ್ತು ಇಟ್ಟುಕೊಳ್ಳಲು ಕೊಟ್ಟ ಅನುಮತಿ ಅಲ್ಲ. ಠಾಣೆ ಅರ್ಧ ಗಂಟೆಯ ದಾರಿಯಾಗಿದ್ದು, ಮನೆ ಬಾಗಿಲಲ್ಲಿ ಜೀಪ್ ನಿಂತಿದ್ದರೆ ಐದು ಗಂಟೆ ಕಾಯ್ದದ್ದೂ ಅನಗತ್ಯ ವಿಳಂಬವೇ. 112ರ ಗಾಡಿ ಬರುವುದು ತಡ ಅಂತ ಗೊತ್ತಾದರೆ ನೀವೇ ಕರೆದುಕೊಂಡು ಹೊರಡಿ. ಗಾಡಿಯಲ್ಲಿ ನಿಮ್ಮ ಮನೆಯವರಷ್ಟೇ ಅಲ್ಲದೆ ಹೊರಗಿನವರು ಒಬ್ಬರಾದರೂ ಇರಲಿ. ಮಳೆಯಲ್ಲಿ ಹಳ್ಳ ಉಕ್ಕಿ ದಾರಿ ಕಟ್ಟಿತ್ತು, ಮರ ಬಿದ್ದಿತ್ತು ಅನ್ನುವಂಥ ಕಾರಣ ನಿಮಗಿದ್ದರೆ ಈಗಲೇ ಬರೆದಿಡಿ. ಮರ ತೆರವು ಮಾಡಿದವರ ಹೆಸರು, ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಕಾರಣ ಇಲ್ಲದಿದ್ದರೆ ಸುಮ್ನೆ ಒಂದನ್ನು ಹುಟ್ಟಿಸಬೇಡಿ. ಫೋನ್ ದಾಖಲೆ ಅದನ್ನು ಸುಳ್ಳು ಮಾಡುತ್ತದೆ.

ಠಾಣೆಯಲ್ಲಿ ಏನಾಗಬೇಕು? ನೀವು ಬರವಣಿಗೆಯಲ್ಲಿ ದೂರು ಕೊಡಬೇಕು. ಯಾರು ನೋಡಿದರು, ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡುತ್ತಿದ್ದ, ಮಾಲು ಎಷ್ಟು, ಯಾರು ಹಿಡಿದರು, ಅವನ ಮೈಮೇಲೆ ಆಗ ಗಾಯ ಇತ್ತೇ, ಯಾವಾಗ ಒಪ್ಪಿಸಿದಿರಿ, ಇವೆಲ್ಲ ಅದರಲ್ಲಿರಲಿ. ಒಪ್ಪಿಸಿದ ಹೊತ್ತು ಬರೆದ ಸ್ವೀಕೃತಿ ಕೇಳಿ ಪಡೆಯಿರಿ. ಎಫ್ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಘಟನೆ ನಡೆದ ಜಾಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಠಾಣೆಯವರು ವಾಪಸ್ ಕಳಿಸುವಂತಿಲ್ಲ; ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ದಾಖಲಾಗಬೇಕು.

ಆಮೇಲೆ ಪೊಲೀಸರು ಅವನನ್ನು ಸಂಜೆಯೊಳಗೆ ಬಿಟ್ಟುಕಳಿಸಿದರೆ ಊರಲ್ಲಿ 'ದುಡ್ಡು ತಿಂದರು' ಅನ್ನುವ ಮಾತು ಹಬ್ಬುತ್ತದೆ. ಪ್ರತಿ ಸಲ ಹಾಗಿರಬೇಕಿಲ್ಲ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು. ಬೇಡ ಅನಿಸಿದರೆ 35(3)ನೇ ಸೆಕ್ಷನ್ ಪ್ರಕಾರ ನೋಟಿಸ್ ಕೊಟ್ಟು, ಕರೆದಾಗ ಬಾ ಅಂತ ಕಳಿಸಬೇಕು. ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಇದನ್ನು ಬಿಗಿ ಮಾಡಿದೆ. ಕಳ್ಳತನದ ಕೇಸು ಅದರಿಂದ ಬಿದ್ದುಹೋಗುವುದಿಲ್ಲ, ತನಿಖೆ ನಡೆಯುತ್ತದೆ. 'ಬಿಟ್ಟುಬಿಡುತ್ತಾರೆ, ಅದಕ್ಕೇ ನಾವೇ ನಾಲ್ಕು ಬಾರಿಸೋಣ' ಅನ್ನುವ ಯೋಚನೆ ಹುಟ್ಟುವುದು ಇದು ಗೊತ್ತಿಲ್ಲದ್ದರಿಂದಲೇ.

ಪೊಲೀಸರು ಬಂಧನ ಮಾಡಿದರೆ ಅವನನ್ನು ವೈದ್ಯರ ಹತ್ತಿರ ಕರೆದೊಯ್ಯುತ್ತಾರೆ. 53ನೇ ಸೆಕ್ಷನ್ ಪ್ರಕಾರ ವೈದ್ಯರು ಅವನ ಮೈಮೇಲಿನ ಗಾಯ, ಅದು ಸುಮಾರು ಯಾವಾಗ ಆಗಿದ್ದು ಅಂತ ಬರೆಯುತ್ತಾರೆ. ಮಣಿಕಟ್ಟಿನ ಸುತ್ತ ಹಗ್ಗದ ಗುರುತು, ಬೆನ್ನ ಮೇಲೆ ಕೋಲಿನ ಬಾಸುಂಡೆ. ಬೇಲಿ ಹಾರುವಾಗ ಬಿದ್ದ ಪೆಟ್ಟು ಹಾಗಿರುವುದಿಲ್ಲ. 'ಓಡುವಾಗ ಬಿದ್ದ ಸಾರ್' ಅನ್ನುವ ಕಥೆ ವೈದ್ಯರ ಆ ಒಂದು ಹಾಳೆಯ ಮುಂದೆ ನಿಲ್ಲುವುದಿಲ್ಲ.

ಹೊಡೆತ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಕೇರಳದ ಅಟ್ಟಪ್ಪಾಡಿಯ ಪ್ರಕರಣ ನೋಡಿ. 2018ರ ಫೆಬ್ರವರಿಯಲ್ಲಿ ಅಂಗಡಿಗಳಿಂದ ತಿನ್ನುವ ಸಾಮಾನು ಕದ್ದ ಅನ್ನುವ ಆರೋಪದ ಮೇಲೆ ಒಬ್ಬ ಆದಿವಾಸಿ ಯುವಕನನ್ನು ಜನ ಕಾಡಿನಿಂದ ಹಿಡಿದು ತಂದರು. ಕೈ ಕಟ್ಟಿದರು, ಹೊಡೆದರು, ವಿಡಿಯೊ ಮಾಡಿದರು. ಪೊಲೀಸರಿಗೆ ಒಪ್ಪಿಸಿದರು ಕೂಡ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವನು ತೀರಿಕೊಂಡ. 2023ರ ಏಪ್ರಿಲ್‌ನಲ್ಲಿ ಮಣ್ಣಾರ್ಕಾಡಿನ ವಿಶೇಷ ನ್ಯಾಯಾಲಯ 16 ಆರೋಪಿಗಳಲ್ಲಿ 14 ಜನರನ್ನು ತಪ್ಪಿತಸ್ಥರು ಅಂದಿತು. 13 ಮಂದಿಗೆ ಏಳು ವರ್ಷದ ಕಠಿಣ ಶಿಕ್ಷೆ. ಪೊಲೀಸರಿಗೆ ಒಪ್ಪಿಸಿದ್ದರಿಂದ ಹೊಡೆದದ್ದು ಮಾಫಿಯಾಗಲಿಲ್ಲ. ನಮ್ಮಲ್ಲೇ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವದಂತಿಗೆ ಹೈದರಾಬಾದಿನ ಒಬ್ಬ ಎಂಜಿನಿಯರ್ ಜೀವ ಹೋಯಿತು. ಅಲ್ಲಿ ಕಣ್ಣೆದುರು ನಡೆದ ಅಪರಾಧವೇ ಇರಲಿಲ್ಲ.

ಇನ್ನು ನಿಮ್ಮ ಮೇಲಿನ ದೂರು. ಸಾಮಾನ್ಯವಾಗಿ ಇಂಥ ದೂರಿನಲ್ಲಿ ನೋವು ಮಾಡಿದ್ದು, ಅಕ್ರಮವಾಗಿ ತಡೆದದ್ದು, ಅಕ್ರಮ ಬಂಧನದಲ್ಲಿ ಇಟ್ಟದ್ದು ಅಂತ ಸೆಕ್ಷನ್ ಹಾಕುತ್ತಾರೆ. ಗುಂಪಿನಲ್ಲಿ ಸಮಾನ ಉದ್ದೇಶ ಅಂತ ನೀವು ಹೊಡೆಯದಿದ್ದರೂ ಹೆಸರು ಸೇರಬಹುದು. ನಿಮ್ಮ ಮನೆ ಕಂಬ, ನಿಮ್ಮ ಮನೆ ಹಗ್ಗ. ತಡೆಯಲು ಏನು ಮಾಡಿದಿರಿ ಅಂತ ಕೇಳೇ ಕೇಳುತ್ತಾರೆ. ಈ ಮೂರೂ ಸಾದಾ ರೂಪದಲ್ಲಿ ಜಾಮೀನು ಸಿಗುವ ಅಪರಾಧಗಳು, ಹಾಗಾಗಿ ಗಾಬರಿ ಬೇಡ. ಮೂಳೆ ಮುರಿದಿದ್ದರೆ, ಆಯುಧ ಬಳಸಿದ್ದರೆ ಸೆಕ್ಷನ್ ಗಟ್ಟಿಯಾಗುತ್ತದೆ. ಅವನು ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದು, ಹೊಡೆದವರು ಅಲ್ಲದವರಾಗಿದ್ದರೆ, ದೌರ್ಜನ್ಯ ತಡೆ ಕಾಯ್ದೆ ಬಂದರೂ ಬರಬಹುದು. ಅದರಲ್ಲಿ ನಿರೀಕ್ಷಣಾ ಜಾಮೀನಿಗೆ ಕಾನೂನಿನಲ್ಲೇ ತಡೆ ಇದೆ. ಹಾಗಿದ್ದರೆ ಇವತ್ತೇ ವಕೀಲರನ್ನು ನೋಡಿ, ನಾಳೆ ಅನ್ನಬೇಡಿ.

ಪೊಲೀಸರು ಹೇಳಿಕೆಗೆ ಕರೆಯುವ ಮೊದಲೇ ನೀವೂ ತಮ್ಮನೂ ವಕೀಲರ ಮುಂದೆ ಕೂತು ಆ ರಾತ್ರಿ ನಡೆದದ್ದನ್ನು ಪೂರ್ತಿ ಹೇಳಿ, ಹೊಡೆತದ ವಿಷಯವನ್ನೂ ಮುಚ್ಚಿಡದೆ. ಅವರಿಗೆ ಮೊದಲು ಬೇಕಾಗುವುದು ನೀವು ಹಿಡಿದದ್ದು, ಊರವರು ಕಟ್ಟಿದ್ದು, ಹೊಡೆದದ್ದು ಇವುಗಳ ನಡುವಿನ ವ್ಯತ್ಯಾಸ: ಯಾರು ಯಾವಾಗ ಬಂದರು, ಬೇಡ ಅಂದವರು ಯಾರು, ಹಗ್ಗ ಬಿಚ್ಚಿದವರು ಯಾರು. ಮೊಬೈಲಿನಲ್ಲಿ ಆ ರಾತ್ರಿಯ ವಿಡಿಯೊ ಇದ್ದರೆ ಅಳಿಸಬೇಡಿ. ಅದರಲ್ಲಿ ನಿಮಗೆ ಕಷ್ಟ ತರುವ ದೃಶ್ಯ ಇದ್ದರೂ ಅಳಿಸಬೇಡಿ. ಸಾಕ್ಷ್ಯ ನಾಶ ಇನ್ನೊಂದು ಅಪರಾಧ. ಅಲ್ಲದೆ ಅದೇ ವಿಡಿಯೊ ಬೇರೆ ಹತ್ತು ಮೊಬೈಲಿನಲ್ಲಿ ಇರುತ್ತದೆ. ಅವನ ಮನೆಗೆ ಹೋಗಿ 'ನೀವು ಕಂಪ್ಲೇಂಟ್ ವಾಪಸ್ ತಗೊಳ್ಳಿ, ನಾವೂ ತಗೋತೀವಿ' ಅಂತ ನೇರವಾಗಿ ಮಾತಿಗೆ ಕೂರಬೇಡಿ. ಅದು ಬೆದರಿಕೆ ಅಂತ ಇನ್ನೊಂದು ದೂರಾಗುತ್ತದೆ. ರಾಜಿಯ ಮಾತು ಬರುವುದಿದ್ದರೆ ವಕೀಲರ ಮೂಲಕ ಬರಲಿ. ನಿಮ್ಮ ಕಳ್ಳತನದ ದೂರಿನ ಎಫ್ಐಆರ್ ಪ್ರತಿ ಇನ್ನೂ ಕೈಗೆ ಬಂದಿಲ್ಲ ಅಂತಾದರೆ ನಾಳೆಯೇ ಠಾಣೆಗೆ ಹೋಗಿ ಕೇಳಿ. ಅದರಲ್ಲಿ 25 ಕಿಲೋ ಅಂತ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಲಿಖಿತ ಹೆಚ್ಚುವರಿ ಹೇಳಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.